ಬಸವೇಶ್ವರಿ ಟೀಚರ್ ಬರೆದ ಅರ್ಜಿ

ತೆಲಂಗಾಣದ ಗಡಿಯೂರು ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿ ದಾಟಿದರೆ ಬಸವೇಶ್ವರಿಯ ರೊಟ್ಟಿ ಅಂಗಡಿ. ಅಂಗಡಿಗೆ ಬೋರ್ಡಿಲ್ಲ. "ಟೀಚರ್ ರೊಟ್ಟಿ ಎಲ್ಲಿ?" ಎಂದು ಕೇಳಿದರೆ ಆಟೋದವರು ಗದ್ದ ಎತ್ತಿ ದಾರಿ ತೋರಿಸುತ್ತಾರೆ. ಹನ್ನೊಂದು ವರ್ಷ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿದ ಹೆಂಗಸು ಈಗ ದಿನಕ್ಕೆ ಇನ್ನೂರೈವತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ಕೆಲಸ ಹೋಯಿತು, ಹೆಸರು ಮಾತ್ರ ಟೀಚರ್ ಎಂದೇ ಉಳಿಯಿತು. ಅದಕ್ಕವಳಿಗೆ ಬೇಸರವೂ ಇಲ್ಲ. "ಹುಡುಗ್ರಿಗೆ ಭಾಗಾಕಾರ ಕಲಿಸೋದಕ್ಕಿಂತ ರೊಟ್ಟಿ ಬಡಿಯೋದು ಹಗೂರ. ರೊಟ್ಟಿ ತಿರುಗಿ ಮಾತಾಡಂಗಿಲ್ಲ" ಎಂದು ನಗುತ್ತಾಳೆ. ನಿಜ ಹೇಳಬೇಕೆಂದರೆ ಆ ಬೀದಿಯಲ್ಲಿ ಅವಳಷ್ಟು ನೆಮ್ಮದಿಯಾಗಿ ಇರುವವರನ್ನು ನಾನು ಕಂಡಿಲ್ಲ. ಅವಳಿಗೆ ಕಷ್ಟ ಬಂದದ್ದೇ ಆ ನೆಮ್ಮದಿಯಿಂದ. ಅಷ್ಟು ಹಾಯಾಗಿರುವ ಹೆಂಗಸು ಬ್ಯಾಂಕಿಗೆ ಕಷ್ಟದ ಅರ್ಜಿ ಬರೆಯಬೇಕಾಗಿ ಬಂತು.

ಸಾಲದ ಕಥೆ ಉದ್ದವಿಲ್ಲ. ಗಂಡ ಸೂರ್ಯಕಾಂತ ತಾಂಡೂರಿನಿಂದ ಕಲ್ಲು ಹೇರುವ ಲಾರಿ ಓಡಿಸುತ್ತಿದ್ದ. ಒಂದು ದಿನ ಲಾರಿ ಮಗುಚಿ ಕಾಲು ನುಜ್ಜುಗುಜ್ಜಾಯಿತು. ಬೀದರಿನಲ್ಲಿ ಎರಡು ಆಪರೇಷನ್. ಶಾಲೆಯವರ ಸಂಬಳ ಬೀಳುತ್ತಿದ್ದ ಬ್ಯಾಂಕಿನಲ್ಲೇ ಬಸವೇಶ್ವರಿ ಎರಡು ಲಕ್ಷ ವೈಯಕ್ತಿಕ ಸಾಲ ತೆಗೆದಳು. ಜಾಮೀನು ಬೇಕೆಂದರು. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಧಮ್ಮಶೀಲಾ, ಇವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು, "ಎಲ್ಲಿ ಮಾಡಬೇಕು ಅಕ್ಕಾ ಸಹಿ?" ಎಂದು ಕೇಳಿ, ಕಾಗದ ಓದದೇ ಸಹಿ ಹಾಕಿದಳು. ಹದಿನಾರು ಕಂತು ತಪ್ಪದೆ ಹೋದವು. ಆಮೇಲೆ ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು, ಸಂಬಳ ನಿಂತಿತು. ಬಾಗಿಲು ಮತ್ತೆ ತೆರೆದಾಗ ಅರ್ಧ ಟೀಚರುಗಳಿಗೆ ಒಳಗೆ ಕುರ್ಚಿಯೇ ಇರಲಿಲ್ಲ. ಬಸವೇಶ್ವರಿ ಮನೆಯ ರೊಟ್ಟಿ ಹಂಚನ್ನೇ ಎತ್ತಿಕೊಂಡು ಬೀದಿಗೆ ಬಂದಳು. ರೊಟ್ಟಿಯಲ್ಲಿ ಹೊಟ್ಟೆ ತುಂಬಿತು, ಮಗಳ ಡಿಗ್ರಿಯೂ ಮುಗಿಯಿತು. ಕಂತು ಮಾತ್ರ ನಿಂತದ್ದು ನಿಂತೇ ಹೋಯಿತು. ಮೂರು ತಿಂಗಳು ಕಟ್ಟದಿದ್ದರೆ ಬ್ಯಾಂಕಿನವರ ಲೆಕ್ಕದಲ್ಲಿ ಅದು ಕೆಟ್ಟ ಸಾಲ. ಇವಳದು ಕೆಟ್ಟು ನಾಲ್ಕು ವರ್ಷವಾಗಿತ್ತು.

ಡಿಸೆಂಬರಿನಲ್ಲಿ ನೋಟೀಸು ಬಂತು. ಅಸಲು ಒಂದು ಲಕ್ಷ ಅರವತ್ತೆಂಟು ಸಾವಿರ, ಬಡ್ಡಿ ಸೇರಿದರೆ ಎರಡೂ ಮುಕ್ಕಾಲು ಲಕ್ಷದ ಹತ್ತಿರ. ಬಸವೇಶ್ವರಿ ಆ ಅಂಕಿಗಳಿಗೆ ಅಂಜಲಿಲ್ಲ, ಗಣಿತದ ಟೀಚರ್ ಅಲ್ಲವೇ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಸಾಲೊಂದು ಎದೆಗೆ ನಾಟಿತು. ಪ್ರತಿ: ಜಾಮೀನುದಾರರು, ಶ್ರೀಮತಿ ಧಮ್ಮಶೀಲಾ.

ಧಮ್ಮಶೀಲಾಳಿಗೆ ಆಗಷ್ಟೇ ಸರ್ಕಾರಿ ಟೀಚರ್ ಕೆಲಸ ಸಿಕ್ಕಿ ರಾಯಿಕೋಡಿಗೆ ಪೋಸ್ಟಿಂಗ್ ಆಗಿತ್ತು. ಕೆಲಸ ಸಿಕ್ಕ ದಿನ ಪೇಡಾ ತಂದುಕೊಟ್ಟು ಹೋದವಳು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಮೊದಲು ವಾರಕ್ಕೆರಡು ಸಲ ಬಂದು, ಹಂಚಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತಿದ್ದ ಹುಡುಗಿ. ನೋಟೀಸು ಅವಳ ಕೈಗೂ ಹೋಗಿದೆ ಎಂದು ತಿಳಿದ ಮೇಲೆ ಬಸವೇಶ್ವರಿಗೆ ಫೋನ್ ಮಾಡುವ ಧೈರ್ಯವೂ ಆಗಲಿಲ್ಲ. ಏನೆಂದು ಹೇಳುವುದು? ನಿನ್ನ ಹೊಸ ಸಂಬಳದ ಮೇಲೆ ನನ್ನ ಹಳೆ ಸಾಲ ಕೂತಿದೆ ಎಂದೇ?

"ಚೀಟಿ ಎತ್ತಿಬಿಡ್ತೀನಿ" ಎಂದಳು ಆ ರಾತ್ರಿಯೇ ಗಂಡನಿಗೆ. "ಒಂದು ಲಕ್ಷ ಇಪ್ಪತ್ತು ಸಾವಿರ ಬರ್ತದ. ಒಂದೇ ಸಲ ಕಟ್ಟಿ, ಉಳಿದದ್ದು ಬಿಡ್ರಿ ಅಂತ ಬ್ಯಾಂಕಿಗೆ ಕೇಳೋಣು. ಶೀಲಾನ ಹೆಸರು ಆ ಕಾಗದದಾಗಿಂದ ಹೋಗಬೇಕು. ಮೊದಲು ಅದು."

ಸೂರ್ಯಕಾಂತನಿಗೆ ಚೀಟಿ ಹಣದಿಂದ ಹಿಟ್ಟಿನ ಗಿರಣಿ ಹಾಕುವ ಆಸೆಯಿತ್ತು. ಆದರೂ "ಗಿರಣಿ ಎಲ್ಲಿ ಓಡಿ ಹೋಗ್ತದ ಬಿಡು" ಎಂದ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಮಾತಿಗೆ. ಬಾಕಿ ಅವನ ಎಲ್ಲ ಸಲಹೆಗಳೂ ಕೆಲಸಕ್ಕೆ ಬಾರದವು.

ಬ್ಯಾಂಕಿನಲ್ಲಿ ಕೇಳಿದರೆ, ಒಂದೇ ಸಲದ ತೀರುವಳಿಗೆ ಅರ್ಜಿ ಕೊಡಿ, ಯಾಕೆ ಕಟ್ಟಲಾಗಲಿಲ್ಲ, ಎಷ್ಟು ಕೊಡುತ್ತೀರಿ, ಹಣ ಎಲ್ಲಿಂದ ಬರುತ್ತದೆ ಎಂದು ಬರೆಯಿರಿ ಎಂದರು. ಹನ್ನೊಂದು ವರ್ಷ ಮಕ್ಕಳ ರಜಾ ಅರ್ಜಿ ತಿದ್ದಿದವಳು ಒಂದು ವಾರ ಕೂತರೂ ಎರಡು ಸಾಲು ಮುಂದೆ ಹೋಗಲಿಲ್ಲ. "ನಾನು ತೀವ್ರ ಕಷ್ಟದಲ್ಲಿದ್ದೇನೆ" ಎಂದು ಬರೆದು, ಓದಿ, ನಾಚಿ ಹರಿದಳು. ಪುಂಡಿ ಪಲ್ಯ ಒಲೆಯ ಮೇಲೆ ಕುದಿಯುತ್ತಿದೆ, ಗಿರಾಕಿಗಳು ನಿಂತಿದ್ದಾರೆ, ಗಂಡ ಹಾಡು ಗುನುಗುತ್ತಿದ್ದಾನೆ. ಯಾವ ಬಾಯಿಂದ ಕಷ್ಟ ಎನ್ನುವುದು?

ಕೊನೆಗೆ ತಹಸೀಲು ಕಚೇರಿಯ ಮುಂದೆ ಬೇವಿನ ಮರದಡಿ ಕೂರುವ ಅರ್ಜಿ ಯಂಕಪ್ಪನ ಬಳಿ ಹೋದಳು. ಯಂಕಪ್ಪನ ಪೆನ್ನಿಗೆ ಈ ಸೀಮೆಯಲ್ಲಿ ಹೆಸರಿದೆ. ಬೆಳೆ ಪರಿಹಾರ, ಸಾಲಮನ್ನಾ, ಪಹಣಿ ತಿದ್ದುಪಡಿ ಎಲ್ಲವೂ ಅವನ ಕೈಯಲ್ಲೇ. "ಬ್ಯಾಂಕಿನ ಸಾಲ ಕಮ್ಮಿ ಮಾಡಸಬೇಕು" ಎಂದು ಇವಳು ಬಾಯಿ ತೆರೆದಿದ್ದೇ ತಡ, "ಗೊತ್ತಾತು ಬಿಡ್ರಿ ಟೀಚರ್, ಇಂಥಾವು ಸಾವಿರ ಬರ್ದೀನಿ" ಎಂದು ತೆಲುಗಿನಲ್ಲಿ ಒಂದೂವರೆ ಪುಟ ಬರೆದೇಬಿಟ್ಟ. ನೂರು ರೂಪಾಯಿ ತೆಗೆದುಕೊಂಡ. ಇವಳು ಓದದೆ ಮಡಚಿ, ಆಸ್ಪತ್ರೆಯ ಬಿಲ್ಲುಗಳ ಜೊತೆ ಸೇರಿಸಿ ಬ್ಯಾಂಕಿಗೆ ಕೊಟ್ಟು ಬಂದಳು. ಅಂದು ಧಮ್ಮಶೀಲಾ ಓದದೆ ಸಹಿ ಹಾಕಿದ್ದಳು, ಇಂದು ಇವಳು. ಟೀಚರುಗಳಿಗೆ ಬುದ್ಧಿ ಹೇಳುವವರು ಯಾರು?

ಮರುವಾರ ಬ್ರಾಂಚ್ ಮ್ಯಾನೇಜರ್ ಕ್ರಾಂತಿಕುಮಾರ ಕರೆಸಿದ. ತಾಂಡೂರಿನ ಕಡೆಯವನು, ನಲವತ್ತರೊಳಗಿನ ಮನುಷ್ಯ. ಅರ್ಜಿಯನ್ನು ಎದುರಿಗೆ ಹರಡಿಕೊಂಡು, ನಗು ತಡೆಯಲು ತುಟಿ ಕಚ್ಚಿದ್ದ.

"ಮೇಡಂ, ನಿಮ್ಮ ಹತ್ತಿ ಹೊಲ ಎಲ್ಲಿ ಅದ?"

"ಯಾವ ಹತ್ತಿರಿ? ನಮಗ ಗೇಣು ಹೊಲ ಇಲ್ಲ."

"ಮತ್ತ ಇಲ್ಲಿ ಬರ್ದದಲ್ರಿ. ಅಕಾಲ ಮಳಿಗಿ ಮೂರೆಕರೆ ಹತ್ತಿ ಹಾಳಾತು, ಬೋರ್ ಬತ್ತಿತು, ಜೋಡೆತ್ತು ಸತ್ತುವು. ಎತ್ತಾದ್ರೂ ಇದ್ದವೇನು?"

ಬಸವೇಶ್ವರಿಯ ಮುಖ ಹಂಚಿನಷ್ಟು ಕಾಯಿತು. ಯಂಕಪ್ಪ ಸಾವಿರ ಬರೆದಿದ್ದೇನೆ ಎಂದದ್ದು ಸುಳ್ಳಲ್ಲ. ಅದೇ ಸಾವಿರಕ್ಕೆ ಒಂದು ಸೇರಿಸಿದ್ದ. ಊರಿನ ದುಃಖವೆಲ್ಲ ಅವನ ಬಳಿ ಒಂದೇ ಅಚ್ಚಿನದು.

"ಇದನ್ನ ನಾ ಮ್ಯಾಲಿನ ಆಫೀಸಿಗಿ ಕಳಿಸಿದರ ಒಂದೇ ಮಾತಿನಾಗ ವಾಪಸ್ ಬರ್ತದ" ಎಂದ ಕ್ರಾಂತಿಕುಮಾರ. "ಒಂದು ಸುಳ್ಳು ಸಿಕ್ಕರ ಉಳಿದ ನಿಜಾನೂ ನಂಬಂಗಿಲ್ಲ ಅವರು. ಆದದ್ದು ಹೆಂಗ ಆತೋ ಹಂಗ ನೀವೇ ಬರೀರಿ. ಕೊಡ್ತೀನಿ ಅಂದದ್ದರಾಗ ಹತ್ತು ಪರ್ಸೆಂಟ್ ಮೊದಲೇ ಇಡಬೇಕು. ಅದನ್ನ ಸಾಲಕ್ಕ ಹಾಕಂಗಿಲ್ಲ, ಬ್ಯಾರೆ ಖಾತೆದಾಗ ಇರ್ತದ. ಅರ್ಜಿ ಮಂಜೂರಾಗದಿದ್ರ ನಿಮ್ಮ ರೊಕ್ಕ ನಿಮಗ." ಆಮೇಲೆ ಒಂದು ಫಾರ್ಮು ಮುಂದೆ ತಳ್ಳಿದ. ಅದರಲ್ಲೊಂದು ಕಾಲಂ: ಜಾಮೀನುದಾರರ ಈಗಿನ ಉದ್ಯೋಗ ಮತ್ತು ಆದಾಯ.

"ಇದು ಯಾಕ ಬೇಕ್ರಿ?"

"ಕಟ್ಟೋ ಶಕ್ತಿ ಯಾರಿಗೂ ಇಲ್ಲ ಅಂದ್ರ ಬ್ಯಾಂಕು ಜಾಸ್ತಿ ಬಿಡ್ತದ. ಜಾಮೀನುದಾರರಿಗಿ ಶಕ್ತಿ ಅದ ಅಂದ್ರ, ಅವರ ಹತ್ರ ವಸೂಲಿ ಮಾಡ್ರಿ, ಯಾಕ ಬಿಡಬೇಕು ಅಂತ ಮ್ಯಾಲಿನವರು ಕೇಳ್ತಾರ."

ಬಸವೇಶ್ವರಿ ಫಾರ್ಮು ಮಡಚಿಕೊಂಡು ಮನೆಗೆ ಬಂದಳು. ಯಾರ ಹೆಸರನ್ನು ಬಿಡಿಸಲು ಈ ಹೋರಾಟವೋ ಅವಳಿಗೆ ಒಳ್ಳೆಯ ಕೆಲಸ ಸಿಕ್ಕದ್ದೇ ಈಗ ಅಡ್ಡಗಲ್ಲು.

"ಖಾಸಗಿ ಸಾಲಿ ಟೀಚರ್ ಅಂತ ಹಳೇದೇ ಬರಿ" ಎಂದ ಸೂರ್ಯಕಾಂತ. "ಬ್ಯಾಂಕಿನ ಫೈಲಿನಾಗ ಅದೇ ಅದ. ಇಲ್ಲಂದ್ರ ಗೊತ್ತಿಲ್ಲ ಅಂತ ಬರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಮೂರೆಕರೆ ಹತ್ತಿ ಬೆಳದು ಬಂದದ್ದು ಸಾಲಲಿಲ್ಲೇನು ನಿಮಗ?" ಎಂದು ರೇಗಿದಳು. ರೇಗಿದಳೇನೋ ಸರಿ, ಆದರೆ ಅವಳಿಗೂ ಆಸೆಯಿಲ್ಲದೆ ಇರಲಿಲ್ಲ. ಶೀಲಾಳ ಕೆಲಸ ಮುಚ್ಚಿಟ್ಟರೆ ಒಂದು ಲಕ್ಷ ಇಪ್ಪತ್ತಕ್ಕೆ ಮುಗಿಯಬಹುದು. ಸಿಕ್ಕಿಬಿದ್ದರೆ ಮಂಜೂರಾತಿ ರದ್ದು, ಆಮೇಲೆ ನೇರ ಧಮ್ಮಶೀಲಾಳ ಸಂಬಳಕ್ಕೇ ಕೈ. ಬರೆದರೆ ಬ್ಯಾಂಕು ಹೆಚ್ಚು ಕೇಳುತ್ತದೆ, ಆ ಹೆಚ್ಚನ್ನು ತಾನು ದುಡಿಯಬಹುದು. ದುಡಿಯುವುದು ಅವಳಿಗೆ ಗೊತ್ತಿದ್ದ ಕೆಲಸ. ಬಚ್ಚಿಡುವುದು ಗೊತ್ತಿಲ್ಲದ ಕೆಲಸ.

ಮರುದಿನ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಹಿಟ್ಟಿನ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು ಕೂತಳು. ಕಷ್ಟ ಎಂಬ ಶಬ್ದವನ್ನೇ ಬಳಸಬಾರದೆಂದು ತೀರ್ಮಾನಿಸಿದ ಮೇಲೆ ಪೆನ್ನು ತಾನಾಗಿ ಓಡಿತು. ಗಂಡನ ಕಾಲು ಮುರಿದ ತಾರೀಖು, ಶಾಲೆ ಮುಚ್ಚಿದ ತಾರೀಖು, ಸಂಬಳವಿಲ್ಲದ ಹತ್ತೊಂಬತ್ತು ತಿಂಗಳು. "ಈಗ ರೊಟ್ಟಿ ಮಾರುತ್ತೇನೆ. ಖರ್ಚು ಕಳೆದು ತಿಂಗಳಿಗೆ ಹದಿನೈದು ಸಾವಿರ ಉಳಿಯುತ್ತದೆ, ಅದರಲ್ಲಿ ನಾಲ್ಕು ಸಾವಿರ ಚೀಟಿಗೆ. ನಾವು ಉಪವಾಸವಿಲ್ಲ. ಆದರೆ ನಾಲ್ಕು ವರ್ಷದ ಬಡ್ಡಿಯನ್ನು ಈ ಹಂಚು ಎತ್ತಲಾರದು. ಚೀಟಿ ಎತ್ತಿದ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಒಂದೇ ಸಲ ಕಟ್ಟುತ್ತೇನೆ, ಖಾತೆ ಮುಗಿಸಿಕೊಡಬೇಕು." ಜಾಮೀನಿನ ಕಾಲಂನಲ್ಲಿ ನಿಧಾನವಾಗಿ ಬರೆದಳು: "ಈಗ ಸರ್ಕಾರಿ ಶಿಕ್ಷಕಿ. ಈ ಸಾಲದ ಒಂದು ರೂಪಾಯಿಯನ್ನೂ ಅವರು ಮುಟ್ಟಿಲ್ಲ. ಕಟ್ಟುವವಳು ನಾನು." ಸಹಿ ಮಾಡಿ, ಹನ್ನೆರಡು ಸಾವಿರ ಇಟ್ಟು, ರಸೀದಿ ತಂದಳು.

ಹತ್ತು ದಿನದ ಮೇಲೆ ಮ್ಯಾನೇಜರ್ ತಾನೇ ಪರಿಶೀಲನೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದ. ಸೂರ್ಯಕಾಂತನಿಗೆ ಹಬ್ಬ ಬಂದಂತಾಯಿತು. ಅಂಗಡಿ ಮುಚ್ಚೋಣ ಎಂದ, ನಾನು ಮಲಗಿರುತ್ತೇನೆ ಎಂದ, ಹರಕು ಟವಲೂ ಹುಡುಕಿ ಇಟ್ಟುಕೊಂಡ. ಬಸವೇಶ್ವರಿ ಆ ಟವಲಿನಿಂದಲೇ ಬೆಂಚು ಒರೆಸಿದಳು. ಕ್ರಾಂತಿಕುಮಾರ ಬಂದಾಗ ಏಳು ಜನ ಊಟಕ್ಕೆ ಕೂತಿದ್ದರು, ಸೂರ್ಯಕಾಂತ ನಾಟಕ ಮರೆತು ಕುಂಟುತ್ತಲೇ ಪಲ್ಯ ಬಡಿಸುತ್ತಿದ್ದ. ದಿನದ ಲೆಕ್ಕದ ನೋಟುಬುಕ್ಕನ್ನು ಅವಳು ಮುಂದಿಟ್ಟಳು. ಅವನು ಮೂರು ತಿಂಗಳ ಹಾಳೆ ತಿರುವಿದ, ಫೋಟೋ ತೆಗೆದುಕೊಂಡ. ಆಮೇಲೆ ಎರಡು ರೊಟ್ಟಿ ತಿಂದು, ಬೇಡವೆಂದರೂ ಕೇಳದೆ ಹಣ ಕೊಟ್ಟ.

"ನಿಮ್ಮಂಥ ಅರ್ಜಿ ನಾ ನೋಡಿಲ್ರಿ" ಎಂದ ಹೋಗುವಾಗ. "ಎಲ್ಲಾರೂ ಇದ್ದದ್ದು ಮುಚ್ತಾರ."

"ಮುಚ್ಚಾಕ ಇಷ್ಟೇ ಇರೋದು ನೋಡ್ರಿ" ಎಂದು ಅವಳು ಹಂಚು ತೋರಿಸಿದಳು.

ಮಾರ್ಚಿನಲ್ಲಿ ಉತ್ತರ ಬಂತು. ಅಂದುಕೊಂಡದ್ದೇ ಆಗಿತ್ತು. ಜಾಮೀನುದಾರರಿಗೆ ಆದಾಯವಿರುವುದರಿಂದ ಅಸಲಿನಲ್ಲಿ ಬಿಡಲಾಗದು; ಒಂದು ಲಕ್ಷ ಅರವತ್ತೆಂಟು ಸಾವಿರ ಕಟ್ಟಿದರೆ ಬಡ್ಡಿ ಪೂರ್ತಿ ಬಿಡುತ್ತೇವೆ. ತೊಂಬತ್ತು ದಿನ ಅವಧಿ. ಒಂದು ದಿನ ತಪ್ಪಿದರೂ ರಿಯಾಯಿತಿ ರದ್ದಾಗಿ, ಕಟ್ಟಿದ್ದನ್ನು ಹಳೆ ಬಾಕಿಗೆ ಜಮಾ ಮಾಡಲಾಗುವುದು. ನಿಜ ಬರೆದದ್ದಕ್ಕೆ ಬೆಲೆ ನಲವತ್ತೆಂಟು ಸಾವಿರ! ಸೂರ್ಯಕಾಂತ ಕಾಗದ ನೋಡಿ "ನಾ ಹೇಳಿದ್ದೆ" ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಆಕಳಿಸಿದಂತೆ ಮಾಡಿದ.

ಬಸವೇಶ್ವರಿ ಚೀಟಿ ಹಣ ಅಂದೇ ಕಟ್ಟಿದಳು. ಉಳಿದದ್ದಕ್ಕೆ ಮದುವೆ ಸೀಜನ್ ಎದುರಿಗಿತ್ತು. ಮನೂರ್, ಜಹೀರಾಬಾದ್ ಕಡೆಯ ಮದುವೆ ಮನೆಗಳಿಗೆ ಸಾವಿರಗಟ್ಟಲೆ ಕಡಕ್ ರೊಟ್ಟಿ ಬೇಕು. ಇಷ್ಟು ದಿನ ಕೈ ನೋಯುತ್ತದೆಂದು ಒಲ್ಲೆ ಎನ್ನುತ್ತಿದ್ದವಳು ಈಗ ಒಂದನ್ನೂ ಬಿಡಲಿಲ್ಲ. ಏಪ್ರಿಲ್ ಮೇ ಬಿಸಿಲಿನಲ್ಲಿ ಎರಡು ಒಲೆ ಹೊತ್ತಿಸಿ ಬೆಳಗಿನಿಂದ ಸಂಜೆಯವರೆಗೆ ಬಡಿದಳು. ಸೂರ್ಯಕಾಂತ ರೊಟ್ಟಿ ಆರಿಸಿ, ನೂರರ ಕಟ್ಟು ಕಟ್ಟಿ, ಶೇರ್ ಆಟೋದಲ್ಲಿ ಕೂತು ಮದುವೆ ಮನೆಗಳಿಗೆ ಮುಟ್ಟಿಸಿ ಬಂದ. ಎರಡು ಮೂರು ಮನೆಯವರು ಹಣಕ್ಕೆ ಸತಾಯಿಸಿದಾಗ ಅಲ್ಲೇ ಊಟದ ಪಂಕ್ತಿಯಲ್ಲಿ ಕೂತು ಹಣ ಕೊಡುವ ತನಕ ಏಳಲಿಲ್ಲ. ಅವನ ನಾಟಕ ಕೆಲಸಕ್ಕೆ ಬಂದದ್ದು ಅಲ್ಲಿ ಮಾತ್ರ. ಎಂಬತ್ತಮೂರನೆಯ ದಿನ ಕೊನೆಯ ಒಂಬತ್ತು ಸಾವಿರ ಕಟ್ಟಿ ಮುಗಿಸಿದರು.

ಜೂನಿನಲ್ಲಿ ಬಾಕಿ ಇಲ್ಲ ಎಂಬ ಪತ್ರ ಸಿಕ್ಕಿತು. ಕ್ರಾಂತಿಕುಮಾರ ಕೊಡುವಾಗಲೇ ಎಚ್ಚರಿಸಿದ: "ಬಡ್ಡಿ ಬಿಟ್ಟಿದ್ದಕ್ಕ ನಿಮ್ಮ ಸಾಲದ ದಾಖಲೆದಾಗ 'ಸೆಟಲ್ಡ್' ಅಂತ ಇರ್ತದ, ಪೂರ್ತಿ ತೀರಿದ ಸಾಲ ಅಂತ ಬರಂಗಿಲ್ಲ. ಕೆಲವು ವರ್ಷ ಬ್ಯಾರೆ ಸಾಲ ಸಿಗೋದು ಕಷ್ಟ."

"ಸಿಗದಿದ್ರ ಛಲೋನೇ ಆತು" ಎಂದಳು ಬಸವೇಶ್ವರಿ. ಪತ್ರವನ್ನು ಎರಡು ಸಲ ಓದಿ, ಎದ್ದು ಹೋಗದೆ ಅಲ್ಲೇ ಕೂತಳು. "ಇದರಾಗ ನನ್ನ ಹೆಸರಷ್ಟೇ ಅದ. ಶೀಲಾಂದು ಎಲ್ಲಿ?"

"ಸಾಲ ಮುಗೀತಂದ್ರ ಜಾಮೀನೂ ಮುಗೀತು, ಮೇಡಂ."

"ನಿಮಗ ಗೊತ್ತು, ನನಗ ಗೊತ್ತು. ನೋಟೀಸ್ ಹೆಸರು ಬರ್ದೇ ಹೋಗಿತ್ತಲ್ರಿ ಆಕಿಗಿ? ಬಿಡುಗಡೀನೂ ಹೆಸರು ಬರ್ದೇ ಹೋಗಬೇಕು."

ಮ್ಯಾನೇಜರ್ ಕಂಪ್ಯೂಟರಿನತ್ತ ತಿರುಗಿ, ಜಾಮೀನುದಾರರ ಹೊಣೆ ಮುಗಿದಿದೆ ಎಂಬ ಇನ್ನೊಂದು ಪತ್ರ ತೆಗೆದು ಸೀಲು ಒತ್ತಿಕೊಟ್ಟ.

ಅದನ್ನು ಎದೆಗವಚಿಕೊಂಡು ಬಸವೇಶ್ವರಿ ಮಧ್ಯಾಹ್ನದ ಬಸ್ಸಿಗೆ ರಾಯಿಕೋಡಿಗೆ ಹೋದಳು. ದಾರಿಯುದ್ದಕ್ಕೂ ಬೈಗುಳ ಕೇಳಿಸಿಕೊಳ್ಳಲು ಸಿದ್ಧಳಾದಳು. ಬೈದರೆ ಬೈಯಲಿ, ಬಾಗಿಲಲ್ಲೇ ನಿಲ್ಲಿಸಿದರೆ ಪತ್ರ ಕೊಟ್ಟು ಬಂದರಾಯಿತು. ಶಾಲೆ ಬಿಟ್ಟು ಆಗಷ್ಟೇ ಬಂದಿದ್ದ ಧಮ್ಮಶೀಲಾ ಬಾಗಿಲು ತೆರೆದಳು.

"ಬೈಬ್ಯಾಡ ತಂಗಿ. ಇದನ್ನ ಓದು" ಎಂದು ಬಸವೇಶ್ವರಿ ಪತ್ರ ಹಿಡಿದಳು.

ಧಮ್ಮಶೀಲಾ ಓದಿದಳು. ಒಳಗೆ ಹೋಗಿ ಅಂಚೆ ಕಚೇರಿಯ ಪಾಸ್‌ಬುಕ್ಕೊಂದನ್ನು ತಂದು ಇವಳ ಕೈಗಿಟ್ಟಳು. ತಿಂಗಳಿಗೆ ಐದು ಸಾವಿರ, ನವೆಂಬರಿನಿಂದ. ಎಂಟು ತಿಂಗಳು, ನಲವತ್ತು ಸಾವಿರ.

"ಏನಿದು?"

"ನಿನ್ನ ಸಾಲಕ್ಕ ಅಕ್ಕಾ. ಮೊದಲನೇ ಸಂಬಳದಿಂದ ಹಾಕ್ಲಿಕ್ಕತ್ತೀನಿ. ಒಂದು ಲಕ್ಷ ಆದ ಮ್ಯಾಲ ತಂದು ಕೊಡೋಣು ಅಂತಿದ್ದೆ. ನಡುವ ಬಂದ್ರ ನೌಕರಿ ಬಂತು, ಸಾಲ ಕಟ್ಟು ಅನ್ನಾಕ ಬಂದ್ಲು ಅಂತ ನಿನಗ ಅನಸಬಾರದಲ್ಲ? ಅದಕ್ಕ ಬರಲಿಲ್ಲ."

ಬಸವೇಶ್ವರಿಗೆ ಸಿಟ್ಟು ನೆತ್ತಿಗೇರಿತು. "ನಾ ಕಟ್ಟಂಗಿಲ್ಲ ಅಂತ ಮಾಡಿದ್ದೇನ ನೀ? ಇಷ್ಟೇನ ನನ್ನ ಮ್ಯಾಲಿನ ನಂಬಿಕಿ?"

"ನೀ ಕಟ್ತಿ ಅಂತ ಗೊತ್ತಿತ್ತು. ಕಟ್ಟಾಕ ಏನೇನು ಮಾರ್ತಿಯೋ ಅಂತ ಅಂಜಿಕಿ ಇತ್ತು." ಧಮ್ಮಶೀಲಾ ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಎರಡು ತಿಂಗಳ ಬಿಸಿಲು, ಎರಡು ಒಲೆಯ ಕಾವು, ಬೆರಳ ತುದಿಯೆಲ್ಲ ಬೊಬ್ಬೆ ಎದ್ದು ಕಪ್ಪಾಗಿತ್ತು. ನೋಡುತ್ತಿದ್ದಂತೆ ಅವಳ ಕಣ್ಣು ತುಂಬಿತು.

ಬೈಯಬೇಕಾದವಳು ಯಾರು, ಬೈಸಿಕೊಳ್ಳಲು ಬಂದವಳು ಯಾರು ಎಂಬುದೇ ಮರೆತುಹೋಯಿತು. ಬಸವೇಶ್ವರಿ ಹೊಸ್ತಿಲ ಮೇಲೆ ಕೂತು ಚಿಕ್ಕ ಮಕ್ಕಳಂತೆ ಅತ್ತಳು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲು ಅಂಜಿ, ಎರಡು ಊರಲ್ಲಿ ಕೂತು ಒಂದೇ ಸಾಲ ತೀರಿಸುತ್ತಿದ್ದರು. ಅಳು ನಿಂತ ಮೇಲೆ ಸೂರ್ಯಕಾಂತನಿಗೆ ಫೋನ್ ಮಾಡಿ, ನಾಳೆ ಅಂಗಡಿ ತೆರೆಯುವುದಿಲ್ಲ, ಇವತ್ತು ಶೀಲಾನ ಮನೆಯಲ್ಲೇ ಇರುತ್ತೇನೆ ಎಂದಳು. ಧಮ್ಮಶೀಲಾ ಅವಳನ್ನು ಒಲೆಯ ಹತ್ತಿರಕ್ಕೂ ಬಿಡದೆ ತಾನೇ ಅನ್ನಕ್ಕೆ ಇಟ್ಟಳು.